720 ಮಕ್ಕಳು, 12 ಶಾಲೆಗಳು: ಅಂಕಗಳನ್ನು ಎಣಿಸುವಾಗ ಶಾಲೆಯನ್ನೂ ಎಣಿಸಬೇಕು

(ಮಾಟುಂಗದಲ್ಲಿ ಮುಂಬಯಿ ಮತ್ತು ಠಾಣೆ ಭಾಗದ ಕನ್ನಡ ಶಿಕ್ಷಕರು, ಬಿ.ಎಡ್. ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೇರವಾಗಿ ಒಂದು ಲೆಕ್ಕದಿಂದಲೇ ಶುರು ಮಾಡುತ್ತೇನೆ. ಮುಂಬಯಿಯ 12 ಶಾಲೆಗಳನ್ನು ತೆಗೆದುಕೊಂಡಿದ್ದೇವೆ ಎಂದಿಟ್ಟುಕೊಳ್ಳಿ. ಪ್ರತಿ ಶಾಲೆಯಲ್ಲೂ ಐದನೇ ತರಗತಿಗೆ ಎರಡು ಡಿವಿಜನ್. ಪ್ರತಿ ಡಿವಿಜನ್‌ನಲ್ಲಿ 30 ಮಕ್ಕಳು. ಒಟ್ಟು 720 ಮಕ್ಕಳು. ಆರು ಶಾಲೆಗಳಲ್ಲಿ ಒಂದು ವರ್ಷ ದಿನಕ್ಕೆ ಅರ್ಧ ಗಂಟೆ ಚಟುವಟಿಕೆಗಳ ಮೂಲಕ ಗಣಿತ ಕಲಿಸಿದರು. ಉಳಿದ ಆರರಲ್ಲಿ ಎಂದಿನಂತೆ ಪಾಠ ನಡೆಯಿತು. ಯಾವ ಶಾಲೆಗೆ ಯಾವುದು ಎಂದು ಚೀಟಿ ಎತ್ತಿ ಗೊತ್ತು ಮಾಡಿದರು. ವರ್ಷದ ಕೊನೆಗೆ 100 ಅಂಕಗಳ ಪರೀಕ್ಷೆ. ಚಟುವಟಿಕೆ ನಡೆದ ಶಾಲೆಗಳ ಮಕ್ಕಳ ಸರಾಸರಿ 4 ಅಂಕ ಜಾಸ್ತಿ ಬಂತು. ಇವು ವಿವರಣೆಗಾಗಿ ನಾನೇ ಇಟ್ಟುಕೊಂಡ ಅಂಕಿಗಳು. ಆದರೆ ಶಾಲೆಗಳ ದತ್ತಾಂಶ ಸಾಮಾನ್ಯವಾಗಿ ಹೀಗೇ ಇರುತ್ತದೆ.

ಈಗ ಪ್ರಶ್ನೆ: ಈ 4 ಅಂಕ ಚಟುವಟಿಕೆಯಿಂದಲೇ ಬಂತೇ? ಅಥವಾ ಚೀಟಿ ಎತ್ತುವಾಗ ಮೊದಲೇ ಚೆನ್ನಾಗಿದ್ದ ಒಂದೆರಡು ಶಾಲೆಗಳು ಈ ಕಡೆ ಬಂದವೇ?

ಮಾಮೂಲಿ ವಿಧಾನದಲ್ಲಿ ಏನು ಮಾಡುತ್ತೇವೆ? ಒಂದು ಕಡೆ 360 ಮಕ್ಕಳು, ಇನ್ನೊಂದು ಕಡೆ 360 ಮಕ್ಕಳು. ಎರಡು ಸರಾಸರಿಗಳ ಅಂತರ ಆಕಸ್ಮಿಕವೇ ಎಂದು ತೂಗುವ ಟಿ-ಟೆಸ್ಟ್ ಹಾಕುತ್ತೇವೆ. ಟಿ ಬೆಲೆ 3.8 ಬರುತ್ತದೆ. ಅಂಥ ಬೆಲೆ ಆಕಸ್ಮಿಕವಾಗಿ ಬರುವುದು ಬಹಳ ಅಪರೂಪ. ಚಟುವಟಿಕೆ ಗೆದ್ದಿತು ಎಂದು ವರದಿ ಬರೆದು ಮುಗಿಸುತ್ತೇವೆ.

ಆ ವರದಿ ತಪ್ಪು. ನಾಲ್ಕು ಅಂಕದ ಅಂತರ ನಿಜವಾಗಿಯೂ ಇದೆ, ಅದನ್ನು ಕೂಡಿಸಿ ಭಾಗಿಸಿದ್ದೂ ಸರಿಯೇ. ತಪ್ಪಿರುವುದು ನಮ್ಮ ಖಚಿತತೆಯಲ್ಲಿ. ಅದು ಎಲ್ಲಿ ತಪ್ಪಿತು, ಎಷ್ಟು ತಪ್ಪಿತು ಎಂಬುದೇ ಇವತ್ತಿನ ವಿಷಯ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕುತ್ತೇವೆ. ಒಂದೇ ಪಾತ್ರೆಯ ಅಗುಳುಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಬೆಂದಿರುತ್ತವೆ ಎಂಬುದು ನಮಗೆ ಗೊತ್ತು. ಹಾಗಾಗಿ ಅದೇ ಪಾತ್ರೆಯಿಂದ ಇನ್ನೂ ಐವತ್ತು ಅಗುಳು ಹಿಸುಕಿದರೆ ಹೊಸದಾಗಿ ತಿಳಿಯುವುದು ಬಹಳ ಕಡಿಮೆ. ಪಕ್ಕದ ಮನೆಯ ಪಾತ್ರೆಯ ಬಗ್ಗೆಯಂತೂ ಏನೂ ತಿಳಿಯುವುದಿಲ್ಲ. ನಾವು 12 ಪಾತ್ರೆಗಳಿಂದ 60-60 ಅಗುಳು ತೆಗೆದು, 720 ಬೇರೆ ಬೇರೆ ಪಾತ್ರೆಗಳನ್ನು ನೋಡಿದವರ ಹಾಗೆ ಲೆಕ್ಕ ಹಾಕಿದ್ದೇವೆ.

ಮಕ್ಕಳು ಅಗುಳಿನಷ್ಟು ಒಂದೇ ತರಹ ಇರುವುದಿಲ್ಲ, ಅದು ಸರಿ. ಒಂದೇ ಡಿವಿಜನ್‌ನಲ್ಲಿ 20 ಅಂಕದವರೂ ಇರುತ್ತಾರೆ, 90 ಅಂಕದವರೂ ಇರುತ್ತಾರೆ. ಹಾಗಾದರೆ ಮಕ್ಕಳು ಎಷ್ಟರ ಮಟ್ಟಿಗೆ ತಮ್ಮ ಶಾಲೆಯ ಹಾಗೆ, ಎಷ್ಟರ ಮಟ್ಟಿಗೆ ತಮ್ಮದೇ ರೀತಿ? ಇದನ್ನು ಊಹೆಗೆ ಬಿಡದೆ ಅಳೆಯಬಹುದು. ಅಳೆಯುವ ಸಾಧನದ ಹೆಸರು ಮಿಕ್ಸೆಡ್ ಎಫೆಕ್ಟ್ಸ್ ಮಾಡೆಲ್. ಅದರ ಅತ್ಯಂತ ಸರಳ ರೂಪದಲ್ಲಿ ಇರುವುದೇ ರ‍್ಯಾಂಡಮ್ ಇಂಟರ್ಸೆಪ್ಟ್.

ಒಬ್ಬ ಹುಡುಗಿಗೆ 71 ಅಂಕ ಬಂದಿದೆ ಎನ್ನೋಣ. ಎಲ್ಲ ಶಾಲೆಗಳ ಒಟ್ಟು ಸರಾಸರಿ 52. ಅವಳ ಶಾಲೆ ಒಟ್ಟು ಸರಾಸರಿಗಿಂತ 5 ಅಂಕ ಮೇಲಿದೆ. ಅವಳ ಡಿವಿಜನ್ ಆ ಶಾಲೆಯ ಮಟ್ಟಕ್ಕಿಂತ 2 ಅಂಕ ಕೆಳಗಿದೆ. ಅಂದರೆ ಅವಳ ತರಗತಿಯ ಮಟ್ಟ 52 + 5 − 2, ಅಂದರೆ 55. ಉಳಿದ 16 ಅಂಕ ಅವಳದೇ. ಅವಳ ಶ್ರಮ, ಮನೆಯ ವಾತಾವರಣ, ಪರೀಕ್ಷೆಯ ದಿನದ ಅದೃಷ್ಟ, ಎಲ್ಲವೂ ಅದರಲ್ಲಿ ಸೇರಿದೆ.

```
71 = 52 + 5 − 2 + 16
```

ಮಾಡೆಲ್ ಎಂದರೆ ಇಷ್ಟೇ. ಪ್ರತಿ ಮಗುವಿನ ಅಂಕವನ್ನು ನಾಲ್ಕು ತುಂಡು ಮಾಡುವುದು: ಎಲ್ಲರಿಗೂ ಸೇರಿದ ಮಟ್ಟ, ಶಾಲೆಯ ಏರಿಳಿತ, ಡಿವಿಜನ್‌ನ ಏರಿಳಿತ, ಮಗುವಿನ ಏರಿಳಿತ. ಇಂಟರ್ಸೆಪ್ಟ್ ಎಂದರೆ ಶುರುವಾಗುವ ಮಟ್ಟ. ಪ್ರತಿ ಶಾಲೆಗೂ, ಪ್ರತಿ ಡಿವಿಜನ್‌ಗೂ ಬೇರೆ ಬೇರೆ ಶುರುವಿನ ಮಟ್ಟ ಇರಲಿ ಎಂದು ಒಪ್ಪಿಕೊಳ್ಳುತ್ತೇವೆ.

ಹಾಗಾದರೆ ರ‍್ಯಾಂಡಮ್ ಎನ್ನುವುದು ಏಕೆ? ಶಾಲೆಗಳು ಹೇಗೆ ಬೇಕೋ ಹಾಗೆ ನಡೆಯುತ್ತವೆ ಎಂದು ಇದರ ಅರ್ಥವಲ್ಲ. ನಮಗೆ ಈ 12 ಶಾಲೆಗಳ ಹೆಸರಿನ ಮೇಲೆ ವಿಶೇಷ ಆಸಕ್ತಿ ಇಲ್ಲ. ಇಂಥ ನೂರಾರು ಶಾಲೆಗಳು ಊರಲ್ಲಿವೆ, ಅವುಗಳಲ್ಲಿ ಈ 12 ನಮ್ಮ ಕೈಗೆ ಸಿಕ್ಕಿವೆ. ಹಾಗಾಗಿ 12 ಶಾಲೆಗೆ 12 ಬಿಡಿ ಸಂಖ್ಯೆಗಳನ್ನು ಹುಡುಕುವ ಬದಲು ಒಂದೇ ಪ್ರಶ್ನೆ ಕೇಳುತ್ತೇವೆ: ಶಾಲೆ ಶಾಲೆಗೂ ಮಟ್ಟ ಎಷ್ಟು ಏರುಪೇರಾಗುತ್ತದೆ? ಆ ಏರುಪೇರಿನ ಅಳತೆಯೇ ವೇರಿಯನ್ಸ್.

ನಮ್ಮ ಉದಾಹರಣೆಯಲ್ಲಿ ಮಾಡೆಲ್ ಹೀಗೆ ಹೇಳಿತು ಎಂದುಕೊಳ್ಳೋಣ: ಶಾಲೆಗಳ ನಡುವಿನ ವೇರಿಯನ್ಸ್ 40, ಒಂದೇ ಶಾಲೆಯ ಡಿವಿಜನ್‌ಗಳ ನಡುವಿನದು 20, ಒಂದೇ ಡಿವಿಜನ್‌ನ ಮಕ್ಕಳ ನಡುವಿನದು 140. ಒಟ್ಟು 200. ವೇರಿಯನ್ಸ್‌ನ ವರ್ಗಮೂಲ ತೆಗೆದರೆ ಅಂಕಗಳ ಭಾಷೆಗೆ ಬರುತ್ತದೆ. ಶಾಲೆಯ ಮಟ್ಟ ಸಾಮಾನ್ಯವಾಗಿ 52ರ ಆಚೀಚೆ 6 ಅಂಕದಷ್ಟು ಸರಿಯುತ್ತದೆ. ಡಿವಿಜನ್ ಇನ್ನೊಂದು 4.5 ಅಂಕ. ಮಗು ತನ್ನ ತರಗತಿಯ ಮಟ್ಟದಿಂದ ಸುಮಾರು 12 ಅಂಕ.

ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಏರುಪೇರಿನ 70 ಭಾಗ ಮಕ್ಕಳದ್ದೇ. ಶಾಲೆಯದ್ದು ನೂರಕ್ಕೆ 20, ಡಿವಿಜನ್‌ನದ್ದು 10. ಇದನ್ನು ನೋಡಿ ‘ಶಾಲೆಯ ಪಾಲು ಸಣ್ಣದು, ಬಿಟ್ಟುಬಿಡೋಣ’ ಅನ್ನಿಸುತ್ತದೆ, ಅಲ್ವಾ? ಆ ಸಣ್ಣ ಪಾಲೇ ನಮ್ಮ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಹೇಗೆ ಎಂದು ನೋಡೋಣ.

ಸರಾಸರಿ ಎಷ್ಟು ನಂಬಲರ್ಹ ಎಂದು ತಿಳಿಯಲು ಏರುಪೇರನ್ನು ಎಣಿಕೆಯಿಂದ ಭಾಗಿಸುತ್ತೇವೆ. ಮಾಮೂಲಿ ವಿಧಾನ 200 ಅನ್ನು 720ರಿಂದ ಭಾಗಿಸುತ್ತದೆ. ವರ್ಗಮೂಲ ತೆಗೆದರೆ 0.53. ಒಟ್ಟು ಸರಾಸರಿ 52 ಅನ್ನುವುದು ಅರ್ಧ ಅಂಕದಷ್ಟು ಮಾತ್ರ ಆಚೀಚೆ ಇರಬಹುದು ಎನ್ನುತ್ತದೆ. ಆದರೆ ಮಕ್ಕಳ ಏರುಪೇರನ್ನು ಮಾತ್ರ 720ರಿಂದ ಭಾಗಿಸಬಹುದು. ಡಿವಿಜನ್‌ಗಳು ಇರುವುದು 24. ಶಾಲೆಗಳು ಇರುವುದು 12. ಒಂದೊಂದು ತುಂಡನ್ನೂ ಅದರದೇ ಎಣಿಕೆಯಿಂದ ಭಾಗಿಸಬೇಕು.

```
40/12 + 20/24 + 140/720 = 3.33 + 0.83 + 0.19 = 4.36
```

ವರ್ಗಮೂಲ 2.09. ಸರಾಸರಿ ಎಷ್ಟು ಆಚೀಚೆ ಇರಬಹುದು ಎಂಬ ಈ ಅಳತೆಗೆ ಸ್ಟ್ಯಾಂಡರ್ಡ್ ಎರರ್ ಎನ್ನುತ್ತಾರೆ. ಅದು ನಿಜವಾಗಿ ನಾವು ಅಂದುಕೊಂಡದ್ದರ ನಾಲ್ಕು ಪಟ್ಟು. ಇನ್ನೊಂದು ರೀತಿ ಹೇಳುವುದಾದರೆ 200 ಅನ್ನು 4.36ರಿಂದ ಭಾಗಿಸಿ, 46 ಬರುತ್ತದೆ. 720 ಮಕ್ಕಳ ಉತ್ತರಪತ್ರಿಕೆ ತಿದ್ದಿ ನಾವು ಪಡೆದ ಮಾಹಿತಿ, ಊರಿನ 46 ಬೇರೆ ಬೇರೆ ಶಾಲೆಗಳಿಂದ ಒಬ್ಬೊಬ್ಬ ಮಗುವನ್ನು ಕರೆದು ಪರೀಕ್ಷೆ ಮಾಡಿದ್ದಕ್ಕೆ ಸಮ.

ಆ ಮೂರು ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. 3.33, 0.83, 0.19. ಏರುಪೇರಿನಲ್ಲಿ ಬರೀ 20 ಭಾಗ ಇದ್ದ ಶಾಲೆ ಇಲ್ಲಿ ನೂರಕ್ಕೆ 76 ಭಾಗ ಆಗಿದೆ. ಮಕ್ಕಳ ಪಾಲು ಹೆಚ್ಚುಕಡಿಮೆ ಮಾಯವಾಗಿದೆ. ಹಾಗಾಗಿ ಇದೇ ಶಾಲೆಗಳಲ್ಲಿ ಮಕ್ಕಳ ಸಂಖ್ಯೆಯನ್ನು ದುಪ್ಪಟ್ಟು ಮಾಡಿ 1440 ಮಾಡಿದರೂ ಸ್ಟ್ಯಾಂಡರ್ಡ್ ಎರರ್ 2.09ರಿಂದ 2.06ಕ್ಕೆ ಇಳಿಯುತ್ತದೆ, ಅಷ್ಟೇ. ಅದೇ 720 ಮಕ್ಕಳನ್ನು 24 ಶಾಲೆಗಳಿಂದ, ಶಾಲೆಗೆ ಒಂದು ಡಿವಿಜನ್‌ನಂತೆ ತೆಗೆದುಕೊಂಡರೆ 1.64ಕ್ಕೆ ಇಳಿಯುತ್ತದೆ. ಕೆಲಸ ಅಷ್ಟೇ, ಉತ್ತರಪತ್ರಿಕೆಯೂ ಅಷ್ಟೇ. ಓಡಾಟ ಮಾತ್ರ ಜಾಸ್ತಿ.

ಈಗ ಆ 4 ಅಂಕಗಳ ಅಂತರಕ್ಕೆ ಬರೋಣ. ಪ್ರತಿ ಕಡೆ 6 ಶಾಲೆ, 12 ಡಿವಿಜನ್, 360 ಮಕ್ಕಳು.

```
2 × (40/6 + 20/12 + 140/360) = 17.4
```

ವರ್ಗಮೂಲ 4.2. ಅಂತರ 4, ಅದರ ಸ್ಟ್ಯಾಂಡರ್ಡ್ ಎರರ್ 4.2. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವ ಟಿ ಬೆಲೆ 3.8 ಅಲ್ಲ, ಒಂದಕ್ಕಿಂತ ಸ್ವಲ್ಪ ಕಡಿಮೆ. ಮಾಮೂಲಿ ಲೆಕ್ಕ ‘ಚಟುವಟಿಕೆಯ ಪರಿಣಾಮ 2ರಿಂದ 6 ಅಂಕದೊಳಗೆ ಇದೆ’ ಎಂದು ಹೇಳುತ್ತಿತ್ತು. ಸರಿಯಾದ ಲೆಕ್ಕ ‘ಸುಮಾರು 5 ಅಂಕ ಕಳೆದುಕೊಂಡಿದ್ದರೂ ಇರಬಹುದು, 13 ಅಂಕ ಗಳಿಸಿದ್ದರೂ ಇರಬಹುದು’ ಎನ್ನುತ್ತದೆ. ಚಟುವಟಿಕೆ ವ್ಯರ್ಥ ಎಂದು ಇದರಿಂದ ತೀರ್ಮಾನಿಸಬೇಡಿ. 12 ಶಾಲೆಗಳಿಂದ ಉತ್ತರ ಸಿಗಲಿಲ್ಲ, ಅಷ್ಟೇ ಇದರ ಅರ್ಥ.

ಇದು ಬರೀ ಕಾಗದದ ಮೇಲಿನ ಭಯ ಅಲ್ಲ. ಇಂಗ್ಲೆಂಡಿನಲ್ಲಿ 1976ರಲ್ಲಿ ನೆವಿಲ್ ಬೆನೆಟ್ ಅವರ ಒಂದು ಅಧ್ಯಯನ ಹೊರಬಂತು. ಪ್ರಾಥಮಿಕ ಶಾಲೆಗಳಲ್ಲಿ ಶಿಸ್ತಿನ ಹಳೆಯ ಪದ್ಧತಿ ಒಳ್ಳೆಯದೋ, ಸಡಿಲವಾದ ಹೊಸ ಪದ್ಧತಿ ಒಳ್ಳೆಯದೋ ಎಂಬುದು ಅದರ ಪ್ರಶ್ನೆ. ಹಳೆಯ ಪದ್ಧತಿಯೇ ಒಟ್ಟಿನಲ್ಲಿ ಮೇಲು ಎಂದು ಉತ್ತರ ಬಂತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು, ರಾಜಕೀಯ ಚರ್ಚೆಗೂ ಹೋಯಿತು. ಅದರಲ್ಲಿ ಮಕ್ಕಳು ನೂರಾರು, ಆದರೆ ಶಿಕ್ಷಕರು 40ಕ್ಕಿಂತ ಕಡಿಮೆ. ಪದ್ಧತಿ ಯಾವುದು ಎಂಬುದು ಶಿಕ್ಷಕರಿಗೆ ಸೇರಿದ ವಿಷಯ, ಮಗುವಿಗೆ ಸೇರಿದ್ದಲ್ಲ. ಲೆಕ್ಕ ಮಾತ್ರ ಮಕ್ಕಳನ್ನು ಬಿಡಿಬಿಡಿಯಾಗಿ ಎಣಿಸಿತ್ತು. 1981ರಲ್ಲಿ ಮರೆ ಏಟ್ಕಿನ್ ಮತ್ತು ಜೊತೆಗಾರರು ಅದೇ ದತ್ತಾಂಶವನ್ನು ತರಗತಿಯ ಏರುಪೇರನ್ನೂ ಸೇರಿಸಿ ಮತ್ತೆ ಲೆಕ್ಕ ಹಾಕಿದರು. ಪದ್ಧತಿಗಳ ನಡುವಿನ ಖಚಿತ ಅಂತರ ಉಳಿಯಲಿಲ್ಲ. ಶಿಕ್ಷಣದ ಅಧ್ಯಯನಗಳಲ್ಲಿ ಈ ರೀತಿಯ ಮಾಡೆಲ್‌ಗಳು ನೆಲೆಯೂರಲು ಆ ಮರುಲೆಕ್ಕ ಒಂದು ಮುಖ್ಯ ಕಾರಣ.

ಇಲ್ಲಿಂದ ನಮ್ಮ ಶಾಲೆಗಳಿಗೇ ಹತ್ತಿರವಾದ ಒಂದು ವಿಷಯಕ್ಕೆ ಬರುತ್ತೇನೆ. ಈ ಮಾಡೆಲ್‌ನಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಭಾಗವೂ ಇದೇ.

ಮುಂಬಯಿಯ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಾ ಬಂದಿರುವುದು ಇಲ್ಲಿ ಕುಳಿತವರಿಗೆ ಹೇಳಬೇಕಾಗಿಲ್ಲ. ಒಂದು ಶಾಲೆಯ ಐದನೇ ತರಗತಿಯಲ್ಲಿ ಒಂದೇ ಡಿವಿಜನ್, ಅದರಲ್ಲಿ ಆರೇ ಮಕ್ಕಳು ಎಂದುಕೊಳ್ಳಿ. ಅವರ ಸರಾಸರಿ 62. ಪಕ್ಕದ ದೊಡ್ಡ ಶಾಲೆಯಲ್ಲಿ ಎರಡು ಡಿವಿಜನ್, 60 ಮಕ್ಕಳು. ಅವರ ಸರಾಸರಿಯೂ 62. ಎರಡೂ ಶಾಲೆಗಳು ಒಟ್ಟು ಸರಾಸರಿಗಿಂತ 10 ಅಂಕ ಮೇಲಿವೆ. ಎರಡೂ ಶಾಲೆಗಳು ಸಮವೇ?

ಆರು ಮಕ್ಕಳಲ್ಲಿ ಇಬ್ಬರು ಬಹಳ ಜಾಣರಿದ್ದರೆ ಸಾಕು, ಸರಾಸರಿ ಹಾರಿಬಿಡುತ್ತದೆ. 60 ಮಕ್ಕಳಲ್ಲಿ ಇಬ್ಬರು ಅಷ್ಟು ಸುಲಭವಾಗಿ ಸರಾಸರಿಯನ್ನು ಎಳೆಯಲಾರರು. ಹಾಗಾಗಿ ಆ 10 ಅಂಕದಲ್ಲಿ ಎಷ್ಟು ಭಾಗ ಶಾಲೆಯದು ಎಂದು ಮಾಡೆಲ್ ತೂಗಿ ನೋಡುತ್ತದೆ. ತೂಗುವ ರೀತಿ ಹೀಗಿದೆ: ಶಾಲೆಯ ವೇರಿಯನ್ಸ್ ಅನ್ನು, ಆ ಶಾಲೆಯ ಸರಾಸರಿಯಲ್ಲಿ ಇರುವ ಎಲ್ಲ ಏರುಪೇರಿನಿಂದ ಭಾಗಿಸುವುದು.

```
ದೊಡ್ಡ ಶಾಲೆ:  40 / (40 + 20/2 + 140/60) = 0.76
ಸಣ್ಣ ಶಾಲೆ:   40 / (40 + 20/1 + 140/6)  = 0.48
```

ದೊಡ್ಡ ಶಾಲೆಗೆ ಆ 10ರಲ್ಲಿ 7.6 ಅಂಕ ಸಲ್ಲುತ್ತದೆ. ಸಣ್ಣ ಶಾಲೆಗೆ 4.8. ಅಂದರೆ ದೊಡ್ಡ ಶಾಲೆಯ ಮಟ್ಟ 59.6 ಎಂದೂ ಸಣ್ಣ ಶಾಲೆಯ ಮಟ್ಟ 56.8 ಎಂದೂ ಅಂದಾಜು ಮಾಡುತ್ತದೆ. ಸಣ್ಣ ಶಾಲೆಯ ಉಳಿದ 5.2ರಲ್ಲಿ 2.4 ಅಂಕ ಆ ಡಿವಿಜನ್‌ನ ಲೆಕ್ಕಕ್ಕೆ, 2.8 ಆ ಆರು ಮಕ್ಕಳ ಲೆಕ್ಕಕ್ಕೆ ಹೋಗುತ್ತದೆ. ಹೀಗೆ ಪ್ರತಿ ಶಾಲೆಯ ಅಂದಾಜನ್ನು ಒಟ್ಟು ಸರಾಸರಿಯ ಕಡೆಗೆ ಎಳೆಯುವುದನ್ನು ಶ್ರಿಂಕೇಜ್ ಎನ್ನುತ್ತಾರೆ. ಮಾಹಿತಿ ಕಡಿಮೆ ಇದ್ದಷ್ಟೂ ಎಳೆತ ಜಾಸ್ತಿ.

ಈ ಹಂತದಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹಿರಿಯ ಶಿಕ್ಷಕಿ ಎದ್ದು ಕೇಳಿದರು: “ಸರ್, ನಮ್ಮ ಮಕ್ಕಳು 62 ತೆಗೆದಿದ್ದಾರೆ. ಅದು ಅವರ ದುಡಿಮೆ. ನೀವು ಅದನ್ನು 57 ಮಾಡಿದರೆ ಅನ್ಯಾಯ ಅಲ್ವಾ? ಶಾಲೆ ಸಣ್ಣದಾಗಿದ್ದು ನಮ್ಮ ತಪ್ಪೇ?”

ಇದು ಗಂಭೀರವಾದ ಪ್ರಶ್ನೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಮಕ್ಕಳ ಅಂಕಪಟ್ಟಿಯನ್ನು ಯಾರೂ ಮುಟ್ಟುವುದಿಲ್ಲ. ಆ ಆರು ಮಕ್ಕಳು ತೆಗೆದದ್ದು 62, ಅದು 62 ಆಗಿಯೇ ಉಳಿಯುತ್ತದೆ. 56.8 ಅನ್ನುವುದು ಬೇರೊಂದು ಪ್ರಶ್ನೆಗೆ ಉತ್ತರ: ಇದೇ ಶಾಲೆಗೆ ಬೇರೆ ಮಕ್ಕಳು, ಬೇರೆ ಟೀಚರ್ ಬಂದರೆ ಎಷ್ಟು ಅಂಕ ನಿರೀಕ್ಷಿಸಬಹುದು? ಟೀಚರ್ ಅವರೇ ಇದ್ದು ಮಕ್ಕಳು ಮಾತ್ರ ಬೇರೆಯಾದರೆ ಡಿವಿಜನ್‌ನ 2.4 ಅಂಕವನ್ನೂ ಸೇರಿಸಿ 59.2 ಎನ್ನಬೇಕು. ಈ ಅಂದಾಜುಗಳು ಒಟ್ಟಿನಲ್ಲಿ ಬಿಡಿ ಸರಾಸರಿಗಿಂತ ನಿಜಕ್ಕೆ ಹತ್ತಿರ ಇರುತ್ತವೆ.

ಇನ್ನು ನ್ಯಾಯದ ಮಾತು. ಇದೇ ನಿಯಮ ಇನ್ನೊಂದು ಕಡೆಯಿಂದಲೂ ಕೆಲಸ ಮಾಡುತ್ತದೆ. ಮುಂದಿನ ವರ್ಷ ಅದೇ ಆರು ಮಕ್ಕಳ ತರಗತಿಯ ಸರಾಸರಿ 42 ಬಂತು ಎಂದುಕೊಳ್ಳಿ. ಬಿಡಿ ಸರಾಸರಿಯ ಪಟ್ಟಿಯಲ್ಲಿ ಆ ಶಾಲೆ ತಳಕ್ಕೆ ಬೀಳುತ್ತದೆ. ‘ಫಲಿತಾಂಶ ಕೆಟ್ಟಿದೆ, ಮುಚ್ಚೋಣ’ ಎಂಬ ಮಾತೂ ಬರಬಹುದು. ಮಾಡೆಲ್ ಆ ಶಾಲೆಯ ಮಟ್ಟವನ್ನು 47.2 ಎನ್ನುತ್ತದೆ, ಆರು ಮಕ್ಕಳನ್ನು ನೋಡಿ ಶಾಲೆಯನ್ನು ತೂಗಬೇಡಿ ಎನ್ನುತ್ತದೆ. ಶಾಲೆಗಳನ್ನು ಸರಾಸರಿಯ ಪ್ರಕಾರ ಸಾಲಾಗಿ ನಿಲ್ಲಿಸಿದ ಯಾವುದೇ ಪಟ್ಟಿಯ ಮೇಲ್ತುದಿ, ಕೆಳತುದಿ ಎರಡನ್ನೂ ನೋಡಿ. ಎರಡೂ ಕಡೆ ಸಣ್ಣ ಶಾಲೆಗಳೇ ಜಾಸ್ತಿ ಕಾಣುತ್ತವೆ. ಅದಕ್ಕೆ ಕಾರಣ ಪಾಠದ ಗುಣಕ್ಕಿಂತ ಹೆಚ್ಚಾಗಿ ಮಕ್ಕಳ ಎಣಿಕೆ. ಸಣ್ಣ ಶಾಲೆಗಳಲ್ಲಿ ದುಡಿಯುವ ಶಿಕ್ಷಕರು ಈ ಒಂದು ವಿಷಯವನ್ನಾದರೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಎಂಬುದು ನನ್ನ ಆಸೆ.

ಅಂದ ಹಾಗೆ, ಈ ಲೆಕ್ಕ ಬೆಳೆದದ್ದು ಶಾಲೆಗಳಲ್ಲಿ ಅಲ್ಲ, ಹೈನುಗಾರಿಕೆಯಲ್ಲಿ. ಅಮೆರಿಕದ ಚಾರ್ಲ್ಸ್ ಹೆಂಡರ್ಸನ್ ಎಂಬ ಪಶುತಳಿ ವಿಜ್ಞಾನಿ ಇದನ್ನು ರೂಪಿಸಿದರು. ಹೋರಿಯ ಗುಣವನ್ನು ಅದರ ಹೆಣ್ಣು ಕರುಗಳು ಮುಂದೆ ಕೊಡುವ ಹಾಲಿನಿಂದ ಅಳೆಯಬೇಕಿತ್ತು. ಕೆಲವು ಹೋರಿಗಳಿಗೆ ನೂರಾರು ಕರುಗಳು, ಕೆಲವಕ್ಕೆ ಬೆರಳೆಣಿಕೆಯಷ್ಟು. ನಮ್ಮ ದೊಡ್ಡ ಶಾಲೆ, ಸಣ್ಣ ಶಾಲೆಯ ಸಮಸ್ಯೆಯೇ ಅಲ್ಲಿಯೂ ಇತ್ತು.

ಈಗ ಕಂಪ್ಯೂಟರಿನಲ್ಲಿ ಇದನ್ನು ಹೇಗೆ ಮಾಡುವುದು ಎಂದು ನೋಡೋಣ. ಆರ್ ಎಂಬ ಉಚಿತ ತಂತ್ರಾಂಶದಲ್ಲಿ `lme4` ಎಂಬ ಪ್ಯಾಕೇಜ್ ಇದೆ. ಒಂದು ಸಾಲಿಗೆ ಒಂದು ಮಗು ಎಂಬಂತೆ ದತ್ತಾಂಶ ಇರಲಿ. `anka` ಎಂದರೆ ಅಂಕ, `gumpu` ಎಂದರೆ ಚಟುವಟಿಕೆ ಇತ್ತೋ ಇಲ್ಲವೋ, `shale` ಶಾಲೆ, `div` ಡಿವಿಜನ್.

```r
library(lme4)
m <- lmer(anka ~ gumpu + (1 | shale/div), data = d)
summary(m)
```

ಕಂಸದೊಳಗಿನ 1 ಎಂದರೆ ಇಂಟರ್ಸೆಪ್ಟ್. ಗೆರೆಯ ಬಲಗಡೆ ಇರುವುದು ಯಾವ ಗುಂಪಿಗೆ ಎಂಬುದು. ಓರೆ ಗೆರೆಯ ಅರ್ಥ: ಡಿವಿಜನ್‌ಗಳು ಶಾಲೆಯ ಒಳಗಿವೆ.

ಎಲ್ಲರೂ ಎಡವುವ ಜಾಗ ಇಲ್ಲೇ ಇದೆ. ನಮ್ಮ ಶಾಲೆಗಳಲ್ಲಿ ಡಿವಿಜನ್‌ಗಳ ಹೆಸರು ಎಲ್ಲ ಕಡೆ ‘ಎ’ ಮತ್ತು ‘ಬಿ’. ವಡಾಲದ ಶಾಲೆಯಲ್ಲೂ ‘ಎ’, ಡೊಂಬಿವಲಿಯ ಶಾಲೆಯಲ್ಲೂ ‘ಎ’. ಮೇಲಿನ ಸಾಲಿನ ಬದಲು `(1 | shale) + (1 | div)` ಎಂದು ಬರೆದರೆ, ಕಂಪ್ಯೂಟರ್ 12 ಶಾಲೆಗಳ ಎಲ್ಲ ‘ಎ’ಗಳನ್ನೂ ಸೇರಿಸಿ ಒಂದೇ ಡಿವಿಜನ್ ಎಂದುಕೊಳ್ಳುತ್ತದೆ. ತಪ್ಪು ಎಂದು ಕೂಗುವುದಿಲ್ಲ. ಸುಮ್ನೆ ಉತ್ತರ ಕೊಟ್ಟುಬಿಡುತ್ತದೆ. ಪತ್ತೆ ಹಚ್ಚುವುದು ಸುಲಭ. `summary` ಕೊಡುವ ಫಲಿತಾಂಶದಲ್ಲಿ ವೇರಿಯನ್ಸ್ ಪಟ್ಟಿಯ ಕೆಳಗಿನ ಸಾಲನ್ನು ಓದಿ.

```
Number of obs: 720, groups:  div:shale, 24; shale, 12
```

ಹೀಗಿದ್ದರೆ ಸರಿ. ಅಲ್ಲಿ `div, 2` ಎಂದು ಕಂಡರೆ ನಿಮ್ಮ 24 ಡಿವಿಜನ್‌ಗಳು ಎರಡಾಗಿಬಿಟ್ಟಿವೆ. ಇದನ್ನು ಬುಡದಲ್ಲೇ ತಪ್ಪಿಸಬೇಕೆಂದರೆ ದತ್ತಾಂಶ ತುಂಬುವಾಗಲೇ ಪ್ರತಿ ಡಿವಿಜನ್‌ಗೂ ಶಾಲೆಯ ಸಂಖ್ಯೆ ಸೇರಿಸಿ ಬೇರೆ ಹೆಸರು ಕೊಡಿ: `07A`, `07B`, ಹೀಗೆ. ಬೇರೆ ಏನನ್ನು ನೋಡದಿದ್ದರೂ ಆ ಒಂದು ಸಾಲನ್ನು ನೋಡದೆ ಮುಂದೆ ಹೋಗಬೇಡಿ.

ಇನ್ನೊಂದು ಸಂದೇಶ ಆಗಾಗ ಬರುತ್ತದೆ: `boundary (singular) fit: see help('isSingular')`. ಯಾವುದೋ ಒಂದು ವೇರಿಯನ್ಸ್ ಸೊನ್ನೆಗೆ ಬಂದು ನಿಂತಿದೆ ಎಂದು ಸಾಮಾನ್ಯವಾಗಿ ಇದರ ಅರ್ಥ. ಇದನ್ನು ನೋಡಿ ‘ನಮ್ಮ ಡಿವಿಜನ್‌ಗಳ ನಡುವೆ ವ್ಯತ್ಯಾಸವೇ ಇಲ್ಲ’ ಎಂದು ಬರೆಯಬೇಡಿ. ಶಾಲೆಗಳು, ಡಿವಿಜನ್‌ಗಳು ಕಡಿಮೆ ಇದ್ದಾಗ ನಿಜವಾದ ವ್ಯತ್ಯಾಸ ಇದ್ದರೂ ಅಂದಾಜು ಸೊನ್ನೆಗೆ ಬೀಳಬಹುದು. ಐದಾರು ಶಾಲೆಗಳಿಂದ ‘ಶಾಲೆಗಳು ಎಷ್ಟು ಏರುಪೇರು’ ಎಂದು ಅಳೆಯಲು ಹೊರಟರೆ ಸಿಗುವ ಸಂಖ್ಯೆ ಬಹಳ ಅಲುಗಾಡುತ್ತದೆ.

ಕನ್ನಡ ಶಾಲೆಗಳ ಅಧ್ಯಯನದಲ್ಲಿ ಇನ್ನೊಂದು ತೊಡಕೂ ಬರುತ್ತದೆ. ಎಲ್ಲ ಶಾಲೆಗಳಲ್ಲೂ ತರಗತಿಗೆ ಒಂದೇ ಡಿವಿಜನ್ ಇದ್ದರೆ ಯಾವುದು ಶಾಲೆಯ ಪಾಲು, ಯಾವುದು ಡಿವಿಜನ್‌ನ ಪಾಲು ಎಂದು ಬಿಡಿಸುವ ದಾರಿಯೇ ಇಲ್ಲ. ಆಗ `(1 | shale)` ಮಾತ್ರ ಬರೆಯಿರಿ. ಅದರಲ್ಲಿ ಎರಡೂ ಸೇರಿವೆ ಎಂದು ವರದಿಯಲ್ಲಿ ಸ್ಪಷ್ಟವಾಗಿ ಹೇಳಿ. ಕೆಲವು ಶಾಲೆಗಳಲ್ಲಾದರೂ ಎರಡು ಡಿವಿಜನ್ ಇದ್ದರೆ ಬಿಡಿಸಬಹುದು. ಒಂದೇ ಡಿವಿಜನ್ ಇರುವ ಶಾಲೆಗಳನ್ನೂ ಜೊತೆಗೆ ಇಟ್ಟುಕೊಳ್ಳಬಹುದು, ತೆಗೆದುಹಾಕಬೇಕಾಗಿಲ್ಲ.

ಒಬ್ಬ ಬಿ.ಎಡ್. ವಿದ್ಯಾರ್ಥಿ ಕೇಳಿದರು: “ಮಾಧ್ಯಮವನ್ನೂ ರ‍್ಯಾಂಡಮ್ ಇಂಟರ್ಸೆಪ್ಟ್ ಮಾಡಬಹುದಾ ಸರ್? ಮುನಿಸಿಪಲ್ ಶಾಲೆಗಳಲ್ಲಿ ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗು, ಕನ್ನಡ, ಇಂಗ್ಲಿಷ್ ಅಂತ ಎಂಟು ಮಾಧ್ಯಮಗಳಿವೆಯಲ್ಲ?” ಬೇಡ ಎಂದೆ. ಈ ಎಂಟು ಮಾಧ್ಯಮಗಳು ನೂರಾರು ಮಾಧ್ಯಮಗಳ ನಡುವಿನಿಂದ ಕೈಗೆ ಸಿಕ್ಕ ಎಂಟಲ್ಲ. ಇರುವುದೇ ಎಂಟು. ನಮಗೆ ಒಂದೊಂದರ ಹೆಸರೂ ಮುಖ್ಯ. ಕನ್ನಡ ಮಾಧ್ಯಮದ ಮಕ್ಕಳು ಮರಾಠಿ ಮಾಧ್ಯಮದವರಿಗೆ ಹೋಲಿಸಿದರೆ ಹೇಗೆ ಎಂಬುದೇ ನಾವು ಕೇಳಲು ಬಯಸುವ ಪ್ರಶ್ನೆ. ಅಂಥದ್ದನ್ನು `gumpu` ಹಾಗೆ ಕಂಸದ ಹೊರಗೆ, ಫಿಕ್ಸೆಡ್ ಭಾಗದಲ್ಲಿ ಇಡಬೇಕು. ಹೀಗೆ ಫಿಕ್ಸೆಡ್, ರ‍್ಯಾಂಡಮ್ ಎರಡೂ ಸೇರಿರುವುದರಿಂದಲೇ ಇದು ಮಿಕ್ಸೆಡ್ ಮಾಡೆಲ್.

ಅವರೇ ಟ್ಯೂಷನ್ ಕ್ಲಾಸಿನ ಬಗ್ಗೆಯೂ ಕೇಳಿದರು. ಅದು ಒಳ್ಳೆಯ ಗಮನ. ಒಂದೇ ಶಾಲೆಯ ಮಕ್ಕಳು ನಾಲ್ಕು ಬೇರೆ ಬೇರೆ ಕ್ಲಾಸಿಗೆ ಹೋಗುತ್ತಾರೆ, ಒಂದೇ ಕ್ಲಾಸಿಗೆ ಹಲವು ಶಾಲೆಗಳ ಮಕ್ಕಳು ಬರುತ್ತಾರೆ. ಕ್ಲಾಸು ಶಾಲೆಯ ಒಳಗಿಲ್ಲ, ಶಾಲೆಗೆ ಅಡ್ಡಲಾಗಿ ಇದೆ. ಆಗ ಓರೆ ಗೆರೆ ಹಾಕದೆ `+ (1 | tuition)` ಎಂದು ಬೇರೆಯಾಗಿ ಸೇರಿಸಬೇಕು.

ರ‍್ಯಾಂಡಮ್ ಇಂಟರ್ಸೆಪ್ಟ್‌ಗೆ ಒಂದು ದೊಡ್ಡ ಮಿತಿ ಇದೆ. ಶಾಲೆಯ ಏರಿಳಿತಕ್ಕೂ ನಾವು ಮಾಡೆಲ್‌ನಲ್ಲಿ ಇಟ್ಟ ಬೇರೆ ಅಂಶಗಳಿಗೂ ಸಂಬಂಧ ಇಲ್ಲ ಎಂದು ಅದು ನಂಬಿಕೊಂಡಿರುತ್ತದೆ. ಚೀಟಿ ಎತ್ತಿ ಶಾಲೆಗಳನ್ನು ಹಂಚಿದಾಗ ಚಟುವಟಿಕೆಯ ಮಟ್ಟಿಗೆ ಈ ನಂಬಿಕೆ ಸರಿ. ಆದರೆ ಮನೆಯ ಆದಾಯವನ್ನು ಸೇರಿಸಿದಿರಿ ಎನ್ನಿ. ಅನುಕೂಲಸ್ಥರ ಮಕ್ಕಳು ಸಾಮಾನ್ಯವಾಗಿ ಒಂದೇ ಕಡೆ ಸೇರುತ್ತಾರೆ. ಆ ಶಾಲೆಗಳು ಬೇರೆ ಕಾರಣಗಳಿಂದಲೂ ಮುಂದಿರುತ್ತವೆ. ಆಗ ಶಾಲೆಯ ಪಾಲು, ಆದಾಯದ ಪಾಲು ಕಲಸಿಹೋಗುತ್ತವೆ. ಇದಕ್ಕೆ ಸರಳ ಪರಿಹಾರ ಇದೆ. ಪ್ರತಿ ಮಗುವಿನ ಮನೆಯ ಆದಾಯದ ಜೊತೆಗೆ ಆ ಶಾಲೆಯ ಸರಾಸರಿ ಆದಾಯವನ್ನೂ ಇನ್ನೊಂದು ಕಾಲಮ್ ಆಗಿ ಸೇರಿಸಿ. ಒಂದೇ ಶಾಲೆಯ ಒಳಗೆ ಆದಾಯ ಏನು ಮಾಡುತ್ತದೆ, ಶಾಲೆ ಶಾಲೆಗಳ ನಡುವೆ ಏನು ಮಾಡುತ್ತದೆ ಎಂಬುದು ಬೇರೆ ಬೇರೆಯಾಗಿ ಕಾಣುತ್ತದೆ. 1978ರಲ್ಲಿ ಯೈರ್ ಮುಂಡ್ಲಾಕ್ ಎಂಬ ಅರ್ಥಶಾಸ್ತ್ರಜ್ಞರು ತೋರಿಸಿದ ದಾರಿ ಇದು.

ಕೊನೆಗೆ ಆ ಚಟುವಟಿಕೆಯ ಪ್ರಶ್ನೆ ಉಳಿಯಿತು. 12 ಶಾಲೆಗಳಿಂದ ಉತ್ತರ ಸಿಗಲಿಲ್ಲ. ಹಾಗಾದರೆ ಎಷ್ಟು ಬೇಕು? ಸಭೆಯಲ್ಲಿ ಹಲವರು ಇದನ್ನೇ ಕೇಳಿದರು.

ಮೊದಲು ಮಾಡಬೇಕಾದ್ದು ಮಕ್ಕಳ ಹಿಂದಿನ ವರ್ಷದ ಗಣಿತದ ಅಂಕಗಳನ್ನು ಸಂಗ್ರಹಿಸುವುದು. ಖರ್ಚಿಲ್ಲದ ಕೆಲಸ, ಶಾಲೆಯ ದಾಖಲೆಯಲ್ಲೇ ಇರುತ್ತದೆ. ಈ ವರ್ಷ ಶಾಲೆ ಶಾಲೆಗಳ ನಡುವೆ ಕಾಣುವ ವ್ಯತ್ಯಾಸದ ಬಹುಪಾಲು ಹಿಂದಿನ ವರ್ಷವೂ ಇದ್ದದ್ದೇ. ಅದನ್ನು ಮಾಡೆಲ್‌ಗೆ ಸೇರಿಸಿದರೆ ಶಾಲೆಯ ವೇರಿಯನ್ಸ್ 40ರಿಂದ 12ಕ್ಕೆ, ಡಿವಿಜನ್‌ನದು 20ರಿಂದ 10ಕ್ಕೆ, ಮಕ್ಕಳದು 140ರಿಂದ 70ಕ್ಕೆ ಇಳಿಯಿತು ಎಂದುಕೊಳ್ಳೋಣ. ಒಂದು ಎಚ್ಚರಿಕೆ: ಪ್ರತಿ ಶಾಲೆ ತನ್ನದೇ ಪ್ರಶ್ನೆಪತ್ರಿಕೆ ಮಾಡಿದ್ದರೆ ಆ ಅಂಕಗಳನ್ನು ಶಾಲೆಗಳ ನಡುವೆ ಹೋಲಿಸಲು ಆಗುವುದಿಲ್ಲ. ಹಾಗಿದ್ದರೆ ವರ್ಷದ ಶುರುವಿನಲ್ಲೇ ಎಲ್ಲ ಶಾಲೆಗಳಿಗೂ ಒಂದೇ ಸಣ್ಣ ಪರೀಕ್ಷೆ ಕೊಡಬೇಕು. ಚಟುವಟಿಕೆ ಶುರುವಾಗುವ ಮುಂಚೆಯೇ ಕೊಡಬೇಕು.

```
12 ಶಾಲೆಗಳು:  2 × (12/6 + 10/12 + 70/360)  = 6.06,  ವರ್ಗಮೂಲ 2.5
24 ಶಾಲೆಗಳು:  2 × (12/12 + 10/24 + 70/720) = 3.03,  ವರ್ಗಮೂಲ 1.7
```

12 ಶಾಲೆಗಳಲ್ಲಿ ಅಂತರ 4, ಸ್ಟ್ಯಾಂಡರ್ಡ್ ಎರರ್ 2.5. ಮೊದಲಿನ 4.2ಕ್ಕಿಂತ ಎಷ್ಟೋ ವಾಸಿ, ಆದರೂ ಸಾಲದು. 24 ಶಾಲೆಗಳಾದರೆ 1.7. ಆಗ ಚಟುವಟಿಕೆಯ ಪರಿಣಾಮ ಸುಮಾರು ಅರ್ಧ ಅಂಕದಿಂದ ಏಳೂವರೆ ಅಂಕದೊಳಗೆ ಇದೆ ಎಂದು ಹೇಳಬಹುದು. ಸೊನ್ನೆಯನ್ನು ದಾಟಿದೆ, ಆದರೆ ಅಂಚಿನಲ್ಲೇ ಇದೆ. ಮೂರನೇ ಹೆಜ್ಜೆಯಾಗಿ ಪ್ರತಿ ಡಿವಿಜನ್‌ನಲ್ಲಿ 30ರ ಬದಲು 15 ಮಕ್ಕಳನ್ನು ಚೀಟಿ ಎತ್ತಿ ಆರಿಸಿ ಪರೀಕ್ಷೆ ಮಾಡಿದರೆ ಸ್ಟ್ಯಾಂಡರ್ಡ್ ಎರರ್ 1.74ರಿಂದ 1.80ಕ್ಕೆ ಏರುತ್ತದೆ. ಆ ಚೂರು ನಷ್ಟವನ್ನು ಧಾರಾಳವಾಗಿ ಒಪ್ಪಿಕೊಳ್ಳಬಹುದು. 1440 ಉತ್ತರಪತ್ರಿಕೆ ತಿದ್ದುವ ಬದಲು 720 ತಿದ್ದಿ, ಉಳಿಸಿದ ಸಮಯದಲ್ಲಿ ಠಾಣೆ, ಕಲ್ಯಾಣದ ಕಡೆಯ ಇನ್ನೂ ನಾಲ್ಕು ಶಾಲೆಗಳ ಮುಖ್ಯ ಶಿಕ್ಷಕರನ್ನು ಹೋಗಿ ಕೇಳುವುದು ಮೇಲು.